ಸ್ಕ್ಯಾನ್ ಚೀಟಿಯಲ್ಲಿ ಮಗುವಿನ ತಲೆ ಸುತ್ತಳತೆ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಾನು ಉಡುಪಿಯಲ್ಲಿ ಮಕ್ಕಳ ಸ್ಕ್ಯಾನಿಂಗ್ ಮಾಡುವ ವೈದ್ಯೆ. ಪುಟ್ಟ ಮಕ್ಕಳನ್ನು ತಲೆಯ ಸ್ಕ್ಯಾನಿಂಗ್‌ಗೆ ಕಳಿಸುವಾಗ ಚೀಟಿಯಲ್ಲಿ ಹೆಚ್ಚಾಗಿ 'ತಲೆ ದೊಡ್ಡದು' ಎಂದಷ್ಟೇ ಇರುತ್ತದೆ. ಎಷ್ಟು ದೊಡ್ಡದು, ಯಾವಾಗಿನಿಂದ ಬೆಳೆಯಿತು ಎಂದು ಇರುವುದಿಲ್ಲ. ಆ ಅಂಕಿ ಇಲ್ಲದೆ 'ತಲೆಯಲ್ಲಿ ನೀರು ಜಾಸ್ತಿ' ಎಂದು ವರದಿ ಕೊಟ್ಟರೆ ಮನೆಯವರ ನಿದ್ದೆ ಕೆಡುತ್ತದೆ, ಅಷ್ಟೇ.

ಬ್ರಹ್ಮಾವರದ ಕಡೆಯಿಂದ ಬಂದ ಏಳು ತಿಂಗಳ ಗಂಡು ಮಗುವಿನ ಉದಾಹರಣೆ ಹೇಳುತ್ತೇನೆ. ತಲೆ ಸುತ್ತಳತೆ 47 ಸೆಂಟಿಮೀಟರ್. ಆ ವಯಸ್ಸಿಗೆ ಸಾಮಾನ್ಯವಾಗಿ ಇರುವುದು 44ರ ಆಸುಪಾಸು. ಮಗು ನಗುತ್ತಿತ್ತು, ಕೈಚಾಚಿ ಆಟಿಕೆ ಹಿಡಿಯುತ್ತಿತ್ತು. ಆದರೂ ಬೇರೆ ಕಡೆ ಕೊಟ್ಟ ವರದಿಯಲ್ಲಿ 'ಹೈಡ್ರೊಸೆಫಾಲಸ್ ಇರಬಹುದು', ಅಂದರೆ ಮಿದುಳಿನೊಳಗೆ ನೀರು ತುಂಬುವ ಕಾಯಿಲೆ ಇರಬಹುದು ಎಂದಿತ್ತು. ಅಜ್ಜಿಗಂತೂ ನೆತ್ತಿ ಮುಟ್ಟಿಸುವುದಕ್ಕೇ ಭಯ. ನೆತ್ತಿಯ ಮೆದು ಭಾಗದ ಕೆಳಗೆ ಗಟ್ಟಿ ಪೊರೆ ಇದೆ. ಜೆಲ್ ಹಚ್ಚಿ ಮೆಲ್ಲಗೆ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ ಇಟ್ಟರೆ ನೋವಾಗುವುದಿಲ್ಲ. ಇದರಲ್ಲಿ ವಿಕಿರಣವಿಲ್ಲ, ಮಗುವನ್ನು ಮಲಗಿಸಲು ಔಷಧಿಯೂ ಬೇಕಿಲ್ಲ.

ಮೊದಲು ಆಳಕ್ಕೆ ಕಾಣುವ ಪ್ರೋಬ್ ಇಟ್ಟು ಮಿದುಳಿನ ಒಳಗಿನ ನೀರಿನ ಕೋಣೆಗಳನ್ನು ನೋಡಿದೆವು. ಅವು ಹೆಚ್ಚುಕಡಿಮೆ ಸರಿಯಾಗೇ ಇದ್ದವು. ಆಮೇಲೆ ಮೇಲ್ಮೈಯನ್ನು ಸ್ಪಷ್ಟವಾಗಿ ತೋರಿಸುವ ಚಪ್ಪಟೆ ಪ್ರೋಬ್ ಇಟ್ಟೆವು. ಮಿದುಳಿಗೂ ತಲೆಬುರುಡೆಗೂ ನಡುವೆ ಮುಂಭಾಗದಲ್ಲಿ ಸುಮಾರು 7 ಮಿಲಿಮೀಟರ್ ನೀರು. ಹೆಚ್ಚಿನ ಮಕ್ಕಳಲ್ಲಿ ಇದು ನಾಲ್ಕೈದು ಮಿಲಿಮೀಟರ್ ಒಳಗೆ ಇರುತ್ತದೆ. ಇಲ್ಲಿ ಕೈ ಹಗುರವಾಗಿರಬೇಕು. ಪ್ರೋಬ್ ಒತ್ತಿದರೆ ಆ ನೀರಿನ ಪದರವೇ ತೆಳ್ಳಗಾಗಿ ಅಳತೆ ಸುಳ್ಳಾಗುತ್ತದೆ. ಜೆಲ್ ದಪ್ಪಗೆ ಹಾಕುವುದು ಅದಕ್ಕೇ.

ಈ ನೀರು ಎಲ್ಲಿದೆ ಎನ್ನುವುದೇ ಮುಖ್ಯ ಪ್ರಶ್ನೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದಾಗ ಸಣ್ಣ ರಕ್ತನಾಳಗಳು ನೀರಿನ ನಡುವೆಯೇ ಹಾದುಹೋಗುವುದು ಕಂಡಿತು. ಹಾಗಿದ್ದರೆ ಅದು ಮಿದುಳಿನ ಸುತ್ತ ಇರಬೇಕಾದ ನೀರೇ, ಸ್ವಲ್ಪ ಜಾಸ್ತಿ ಇದೆ ಅಷ್ಟೇ. ನಾಳಗಳು ಮಿದುಳಿನ ಮೇಲ್ಮೈಗೆ ಒತ್ತಿಕೊಂಡಿದ್ದರೆ ಮಾತೇ ಬೇರೆ. ಆಗ ಪೊರೆಯ ಕೆಳಗೆ ಹಳೆಯ ರಕ್ತವೋ ದ್ರವವೋ ನಿಂತಿರಬಹುದು. ತಲೆಗೆ ಏಟು ಬಿದ್ದಿದೆಯೇ ಎಂದು ವಿಚಾರಿಸಬೇಕು, ಎಂಆರ್‌ಐ ಬೇಕಾಗಬಹುದು.

ಅಪ್ಪನ ತಲೆಗೂ ಟೇಪ್ ಹಿಡಿದರೆ 60 ಸೆಂಟಿಮೀಟರ್! ಇಂಥ ದೊಡ್ಡ ತಲೆ ಎಷ್ಟೋ ಸಲ ಮನೆತನದಲ್ಲೇ ಬರುತ್ತದೆ. ಮುಂದಿನ ತಿಂಗಳುಗಳಲ್ಲಿ ಮಗುವಿನ ತಲೆಯ ಬೆಳವಣಿಗೆ ನಿಧಾನವಾಯಿತು. ಬೆಳವಣಿಗೆಯ ಚಾರ್ಟ್‌ನ ಗೆರೆಗೆ ಸಮಾನಾಂತರವಾಗಿ, ಅದಕ್ಕಿಂತ ಮೇಲೆಯೇ ಸಾಗಿತು. ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷದ ಹೊತ್ತಿಗೆ ಈ ನೀರು ತಾನಾಗಿ ಕಡಿಮೆಯಾಗುತ್ತದೆ. ಔಷಧಿ, ಆಪರೇಷನ್ ಏನೂ ಬೇಕಾಗಲಿಲ್ಲ.

ನಿಜವಾದ ಹೈಡ್ರೊಸೆಫಾಲಸ್‌ನಲ್ಲಿ ಚಿತ್ರವೇ ಬೇರೆ. ನೀರು ಹರಿಯುವ ದಾರಿ ಕಟ್ಟಿಕೊಂಡು ಒಳಗಿನ ಕೋಣೆಗಳು ಉಬ್ಬುತ್ತವೆ, ಮಿದುಳಿನ ಹೊರಗಿನ ಪದರ ಕಿರಿದಾಗುತ್ತದೆ. ಮಗು ಅಳದೆ ಕೂತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿರುತ್ತದೆ. ವಾಂತಿ, ಮಂಪರು, ಹಾಲು ಕುಡಿಯದಿರುವುದು, ಕಣ್ಣುಗುಡ್ಡೆ ಕೆಳಗೆ ಇಳಿದು ಮೇಲೆ ಬಿಳಿ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅವಧಿಗೆ ಮೊದಲೇ ಹುಟ್ಟಿ, ಮಿದುಳಿನೊಳಗೆ ರಕ್ತ ಸೋರಿದ ಮಕ್ಕಳಿಗಂತೂ ಪದೇ ಪದೇ ಸ್ಕ್ಯಾನ್ ಬೇಕು. ಕೆಲವರಿಗೆ ನೀರು ಹೊಟ್ಟೆಗೆ ಇಳಿಯುವಂತೆ ಶಂಟ್ ಎಂಬ ಸಣ್ಣ ಕೊಳವೆ ಹಾಕಬೇಕಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ಮಿದುಳು ಸೊರಗಿದ ಮಗುವಿನಲ್ಲೂ ಸುತ್ತಲಿನ ಜಾಗ ಅಗಲವಾಗೇ ಕಾಣುತ್ತದೆ. ಆದರೆ ಅಂಥ ಮಗುವಿನ ತಲೆ ಬೆಳೆಯುವುದೇ ಇಲ್ಲ, ಅಥವಾ ತೀರಾ ನಿಧಾನ. ಸ್ಕ್ಯಾನ್ ಒಂದನ್ನೇ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಟೇಪ್‌ನ ಅಂಕಿ ಇದ್ದರೆ ಸುಲಭ, ಅಲ್ವಾ?

ಸ್ಕ್ಯಾನ್‌ಗೆ ಒಳಗೆ ನೋಡಲು ಸಿಗುವ ನೆತ್ತಿಯ ಈ ಕಿಟಕಿ ಬಹಳ ಕಾಲ ತೆರೆದಿರುವುದಿಲ್ಲ. ಒಂದು ವರ್ಷದ ನಂತರ ನೆತ್ತಿ ಕಿರಿದಾಗಿ ಚಿತ್ರ ಮಸುಕಾಗುತ್ತದೆ. ತಲೆಯ ಹಿಂಭಾಗ ಅಲ್ಲಿಂದ ಮೊದಲೇ ಸರಿಯಾಗಿ ಕಾಣುವುದಿಲ್ಲ.

ಹಾಗಾಗಿ ನಮ್ಮ ಕರಾವಳಿಯ ಮಕ್ಕಳ ವೈದ್ಯರಲ್ಲಿ, ಲಸಿಕೆ ಹಾಕುವ ದಾದಿಯರಲ್ಲಿ ಕೇಳಿಕೊಳ್ಳುವುದು ಇಷ್ಟು. ಪ್ರತಿ ಲಸಿಕೆಯ ದಿನ ಹಿಗ್ಗದ ಟೇಪನ್ನು ಹುಬ್ಬಿನ ಮೇಲೆ, ಹಿಂದೆ ಹೆಚ್ಚು ಉಬ್ಬಿದ ಕಡೆ ಸುತ್ತಿ ಅಳೆಯಿರಿ. ಮೂರು ಸಲ ಅಳೆದು ದೊಡ್ಡದನ್ನು ತಾಯಿ ಕಾರ್ಡ್‌ನಲ್ಲಿ ದಿನಾಂಕದೊಂದಿಗೆ ಬರೆಯಿರಿ. ಸ್ಕ್ಯಾನಿಂಗ್‌ಗೆ ಕಳಿಸುವಾಗ ಹಿಂದಿನ ಅಳತೆಗಳ ಜೊತೆ ಅಪ್ಪ ಅಮ್ಮನ ತಲೆಯ ಅಳತೆಯೂ ಚೀಟಿಯಲ್ಲಿರಲಿ.

– ಒಬ್ಬ ಸ್ಕ್ಯಾನಿಂಗ್ ವೈದ್ಯೆ, ಉಡುಪಿ