ಅಜ್ಜಿ-ತಾತನ ಮನೆ ಖಾಲಿ ಮಾಡಿದೆವು, ಪುಟ್ಟಿ

ಪುಟ್ಟಿ,

ಬಸವನಗುಡಿ ಮನೆ ಬೀಗದ ಕೈ ಓನರ್‌ಗೆ ಕೊಟ್ಟಾಯಿತು. ಫೋನಿನಲ್ಲಿ ನೀನು ಕೇಳಿದಾಗ ಸರಿಯಾಗಿ ಹೇಳೋಕೆ ಆಗಲಿಲ್ಲ, ಪಕ್ಕದಲ್ಲೇ ದೊಡ್ಡಮ್ಮ ಇದ್ದಳು, ಮಾಮ ಇದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಮೂರೂ ಜನ ಸೇರಿದ ಕೂಡಲೇ ದೊಡ್ಡಮ್ಮ ಅಡುಗೆಮನೆಗೆ ನುಗ್ಗಿದಳು. ನಾನು ತಡೆದೆ. ಪಾತ್ರೆ ಎಲ್ಲಿಗೂ ಓಡಿ ಹೋಗಲ್ಲ, ಮೊದಲು ಕಾಗದ ನೋಡೋಣ ಅಂದೆ. ರದ್ದಿಯವನು ಬಂದರೆ ಪೇಪರ್ ಕಟ್ಟಿನ ಜೊತೆ ಏನೇನು ಹೋಗುತ್ತದೋ ಯಾರಿಗೆ ಗೊತ್ತು? ತಾತನ ಸ್ವಭಾವ ನಿನಗೆ ಗೊತ್ತಲ್ವಾ, ಒಂದು ಚೀಟಿ ಬಿಸಾಡಿದವರಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ ಬಾಡಿಗೆ ರಸೀದಿಗಳೆಲ್ಲ ವರ್ಷವಾರು ದಾರ ಕಟ್ಟಿಕೊಂಡು ಕೂತಿದ್ದವು, ಎಷ್ಟೋ ರಸೀದಿಗಳ ಮೇಲೆ ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಡ್ಡಡ್ಡ ಸಹಿ. ಮಾಮ ನಕ್ಕ. ಆಮೇಲೆ ನಗಲಿಲ್ಲ, ಯಾಕೆ ಅಂತ ಹೇಳ್ತೀನಿ.

ಅಗ್ರಿಮೆಂಟಿನಲ್ಲಿ ಅಡ್ವಾನ್ಸ್ 1,00,000 ಅಂತ ಇತ್ತು. ಅದು ಹಳೇ ಓನರ್ ಮಾಡಿಕೊಟ್ಟದ್ದು, ಮಾಮೂಲಿನಂತೆ 11 ತಿಂಗಳದ್ದು. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ ಎಲ್ಲರೂ ಹಾಗೇ ಮಾಡೋದು. ಮೊದಮೊದಲು ಪ್ರತಿ ಸಲವೂ ಹೊಸದು ಬರೆಸುತ್ತಿದ್ದರು. ಆಮೇಲೆ ಇಬ್ಬರಿಗೂ ನಂಬಿಕೆ ಬಂತು, ಸುಮ್ನೆ ಬಾಡಿಗೆ ಏರಿಸಿಕೊಂಡು ಹೋದರು. ಈಗ ಮನೆ ನೋಡಿಕೊಳ್ಳುವವನು ಅವರ ಮಗ, ಅವನಿಗೆ ಗೊತ್ತಿರುವುದು ಆ ಒಂದು ಲಕ್ಷ ಮಾತ್ರ. ಆದರೆ ನಡುವೆ ಒಂದು ಸಲ ಬಾಡಿಗೆ ಜಾಸ್ತಿ ಮಾಡಿದಾಗ ತಾತ ಇನ್ನೂ 50,000 ಕೊಟ್ಟಿದ್ದರಂತೆ. ಆ ರಸೀದಿ ರಸೀದಿ ಕಟ್ಟಿನಲ್ಲೇ ಸಿಕ್ಕಿತು, ಹಳೇ ಓನರ್ ಕೈಬರಹದಲ್ಲೇ 'ಹೆಚ್ಚುವರಿ ಅಡ್ವಾನ್ಸ್' ಅಂತ ಬರೆದಿದೆ. ಮಗನಿಗೆ ತೋರಿಸಿದೆವು. ಅಪ್ಪನ ಅಕ್ಷರ ನೋಡಿ ಅವನು ಎರಡನೇ ಮಾತು ಆಡಲಿಲ್ಲ.

ಆದರೆ ಅವನಿಗೆ ಬೇರೆ ತಲೆನೋವು. ಅಗ್ರಿಮೆಂಟ್ ಇದ್ದದ್ದು ತಾತನ ಹೆಸರಲ್ಲಿ. ತಾತ ಹೋದ ಮೇಲೆ ಅಜ್ಜಿ ಹೆಸರಿಗೆ ಯಾರೂ ಬದಲಾಯಿಸಿರಲಿಲ್ಲ. ಈಗ ದುಡ್ಡು ಯಾರಿಗೆ ಕೊಡಲಿ, ಒಬ್ಬರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಬಂದು ಕೇಳಿದರೆ ಅಂದ. ಮಾಮನಿಗೆ ಕೋಪ ಬಂತು, ನನಗೆ ಮಾತ್ರ ಅವನು ಹೇಳಿದ್ದು ಸರಿ ಅನ್ನಿಸಿತು. ಬ್ಯಾಂಕಿನ ಕೆಲಸಕ್ಕೆ ಅಂತ ಮಾಮ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿಟ್ಟಿದ್ದ. ಅದರ ಜೆರಾಕ್ಸು, ಇಬ್ಬರದೂ ಡೆತ್ ಸರ್ಟಿಫಿಕೇಟು, ನಮ್ಮ ಮೂವರ ಆಧಾರ್, ಜೊತೆಗೆ ಮೂವರೂ ಸಹಿ ಹಾಕಿದ ಒಂದು ಪತ್ರ ಕೊಟ್ಟೆವು. ಒಂದೂವರೆ ಲಕ್ಷದಲ್ಲಿ ಕೊನೇ ತಿಂಗಳ ಬಾಡಿಗೆ 15,000, ಪೇಂಟಿಂಗಿಗೆ ಅಂತ ಇನ್ನೊಂದು 15,000 ಹಿಡಿದುಕೊಂಡ. ಪೇಂಟಿಂಗ್ ವಿಷಯ ಅಗ್ರಿಮೆಂಟಿನಲ್ಲೇ ಇತ್ತು, ಜಗಳ ಆಡುವ ಹಾಗಿಲ್ಲ. ಉಳಿದದ್ದು ಮೂವರ ಖಾತೆಗೂ ತಲಾ 40,000, ಬೇರೆಬೇರೆಯಾಗಿ ಹಾಕಿದ. ಅದು ಬಂದ ಮೇಲೇ ಕೀ ಕೊಟ್ಟದ್ದು. ಕೀ ತಗೊಂಡೆ ಅಂತ ಅವನ ಕೈಲೂ ಬರೆಸಿಕೊಂಡೆ. ಕರೆಂಟ್ ಮೀಟರಿನ ಫೋಟೋ ಹೊಡೆದು ಅಲ್ಲಿವರೆಗಿನ ಬಿಲ್ ನಾವೇ ಕಟ್ಟಿದೆವು.

ಗ್ಯಾಸ್ ಕನೆಕ್ಷನ್ ಮಾಮ ಸರೆಂಡರ್ ಮಾಡಿ ಬಂದ, ಸಿಲಿಂಡರು, ರೆಗ್ಯುಲೇಟರು, ಹಳೇ ವೋಚರ್ ಎಲ್ಲ ಒಯ್ದು. ತಾತ ಆಗಿನ ಕಾಲದಲ್ಲಿ ಕಟ್ಟಿದ್ದ ಡಿಪಾಸಿಟ್ಟೇ ವಾಪಸ್ ಬಂದದ್ದು, ಈಗಿನ ದರದ್ದಲ್ಲ. ಒಂದು ಊಟದ ಖರ್ಚಿಗೂ ಸಾಲಲ್ಲ ಅಂತ ಗೊಣಗಿದ.

ಜಗಳ ಆದದ್ದು ಗೀಸರಿಗೆ. ಹಾಕಿಸಿದ್ದು ತಾತ, ಬಿಚ್ಚಿಕೊಂಡು ಹೋಗ್ತೀನಿ ಅಂತ ಮಾಮ ಸ್ಟೂಲ್ ಹತ್ತಿಯೇ ಬಿಟ್ಟ. ಬಿಚ್ಚಿದರೆ ಟೈಲ್ಸ್ ಒಡೆಯುತ್ತದೆ, ಅದಕ್ಕೂ ದುಡ್ಡು ಹಿಡೀತಾರೆ, ಇಳಿಯೋ ಅಂತ ದೊಡ್ಡಮ್ಮ ಕೂಗಿದಳು. ಅಕ್ಕ ಕೂಗಿದರೆ ಅವನು ಈಗಲೂ ಇಳಿಯುತ್ತಾನೆ ನೋಡು! ಗೀಸರ್ ಅಲ್ಲೇ ಉಳಿಯಿತು.

ಪಾತ್ರೆ ಹಂಚಿದ್ದು ಮಾತ್ರ ಸಲೀಸು. ಸ್ಟೀಲ್ ಪಾತ್ರೆ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೆತ್ತಿಸುತ್ತಿದ್ದರಲ್ಲ, ಅದನ್ನು ದೊಡ್ಡಮ್ಮ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದೇ ಓದಿದಳು. ಯಾರ ಮದುವೆಗೆ, ಯಾರ ನಾಮಕರಣಕ್ಕೆ ಬಂದದ್ದೋ ಅದು ಅವರಿಗೆ. ಕೆತ್ತನೆ ಸವೆದು ಹೋದವನ್ನು ಮನೆಗೆಲಸಕ್ಕೆ ಬರುತ್ತಿದ್ದವರಿಗೆ ಕೊಟ್ಟೆವು. ರುಬ್ಬುವ ಕಲ್ಲನ್ನು ಯಾರೂ ಹೊರಲಾರದೆ ಕೆಳಗಿನ ಮನೆಯವರನ್ನು ಕೇಳಿದೆವು, ಅವರು ಸಂತೋಷವಾಗಿ ಉರುಳಿಸಿಕೊಂಡು ಹೋದರು.

ನಿನ್ನ ನಾಮಕರಣದ ಪಂಚಪಾತ್ರೆ, ಎರಡು ಡಬರಿ ತೆಗೆದಿಟ್ಟಿದ್ದೇನೆ. ಒಂದು ಡಬರಿಯಲ್ಲಿ ನಿನ್ನ ಹೆಸರು ತಪ್ಪಾಗಿ ಕೆತ್ತಿದ್ದಾರೆ. ಮಾಮ ಮುಂದಿನ ವಾರ ಹೈದರಾಬಾದಿಗೆ ಬರುತ್ತಾನೆ, ಅವನ ಕೈಲಿ ಕಳಿಸಲಾ ಇಲ್ಲ ನೀನೇ ದೀಪಾವಳಿಗೆ ಬಂದಾಗ ಒಯ್ತೀಯಾ, ಬೇಗ ಹೇಳು.

ಅಮ್ಮ