ಡಿಫ್ಯೂಷನ್‌ಗೆ ಹೆದರಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಫಿಸಿಕಲ್ ಮೆಟಲರ್ಜಿ ಪರೀಕ್ಷೆಗೆ ಇನ್ನು ಹದಿನಾಲ್ಕೇ ದಿನ, ಡಿಫ್ಯೂಷನ್ ಅಧ್ಯಾಯ ತೆರೆದರೆ ತಲೆ ಓಡುವುದಿಲ್ಲ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಹಾಗೆ ಮಾಡಬೇಡ. ನಾನೂ ಡಿಪ್ಲೊಮಾದಲ್ಲಿ ಅದನ್ನು ಕೊನೆಯ ರಾತ್ರಿಗೆ ಇಟ್ಟುಕೊಂಡಿದ್ದೆ. ಪರೀಕ್ಷೆಯಲ್ಲಿ, ಉಕ್ಕಿನ ಮೇಲ್ಮೈಗೆ ಇಂಗಾಲ ತುಂಬುವ ಕಾರ್ಬುರೈಸಿಂಗ್ ಲೆಕ್ಕಕ್ಕೆ ತಾಪಮಾನವನ್ನು ಸೆಲ್ಸಿಯಸ್‌ನಲ್ಲೇ ಹಾಕಿ, ಬಂದ ಉತ್ತರವನ್ನು ಒಮ್ಮೆಯೂ ತಿರುಗಿ ನೋಡದೆ ಬರೆದು ಬಂದೆ. ಈಗ ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿ ದಿನವೂ ಅದೇ ಕೆಲಸ ಮಾಡುತ್ತಿರುವುದರಿಂದ, ಆಗ ನನಗೆ ಯಾರಾದರೂ ಹೇಳಬೇಕಿತ್ತು ಅನಿಸಿದ್ದನ್ನೆಲ್ಲ ನಿನಗೆ ಬರೆಯುತ್ತಿದ್ದೇನೆ.

ಮೊದಲ ಐದು ದಿನ ಡಿಫ್ಯೂಷನ್ ಬಿಟ್ಟು ಬೇರೇನನ್ನೂ ಮುಟ್ಟಬೇಡ. ಅದರಲ್ಲೂ ಮೊದಲ ದಿನ ಸೂತ್ರವೇ ಬೇಡ. ಡಿಫ್ಯೂಷನ್ ಅಂದರೆ ಲೋಹದೊಳಗೆ ಪರಮಾಣುಗಳು ಜಾಗದಿಂದ ಜಾಗಕ್ಕೆ ಸಾಗುವುದು, ಅಷ್ಟೇ. ಒಂದು ಬಿಳಿ ಹಾಳೆಯಲ್ಲಿ ಎರಡು ಚಿತ್ರ ಬರೆ. ಒಂದರಲ್ಲಿ ತಾಮ್ರದ ಪರಮಾಣು ಪಕ್ಕದ ಖಾಲಿ ಜಾಗಕ್ಕೆ, ಅಂದರೆ ವೇಕೆನ್ಸಿಗೆ, ಜಿಗಿಯುತ್ತಿರಲಿ. ಇನ್ನೊಂದರಲ್ಲಿ ಕಬ್ಬಿಣದ ದೊಡ್ಡ ಪರಮಾಣುಗಳ ನಡುವಿನ ಸಂದಿಯಿಂದ ಸಂದಿಗೆ ಪುಟ್ಟ ಇಂಗಾಲ ನುಸುಳುತ್ತಿರಲಿ. ಮೊದಲನೆಯದಕ್ಕೆ ಪಕ್ಕದಲ್ಲಿ ಖಾಲಿ ಜಾಗವೂ ಇರಬೇಕು, ಜಿಗಿಯುವ ಶಕ್ತಿಯೂ ಇರಬೇಕು. ಎರಡನೆಯದಕ್ಕೆ ಸುತ್ತಲೂ ಸಂದಿಗಳೇ ಇರುವುದರಿಂದ ಶಕ್ತಿಯೊಂದಿದ್ದರೆ ಸಾಕು. ಕಬ್ಬಿಣದೊಳಗೆ ಇಂಗಾಲ ಕಬ್ಬಿಣಕ್ಕಿಂತ ಬಹಳ ವೇಗವಾಗಿ ಚಲಿಸುವುದು ಇದರಿಂದಲೇ. ಎರಡು ಅಂಕದ ಪ್ರಶ್ನೆಗಳಲ್ಲಿ ಹಲವು ಈ ಎರಡು ಚಿತ್ರಗಳಲ್ಲೇ ಮುಗಿಯುತ್ತವೆ.

ಎರಡನೆಯ ದಿನ ಫಿಕ್‌ನ ಎರಡು ನಿಯಮಗಳನ್ನು ಬೇರ್ಪಡಿಸಿಕೋ. ನಿನ್ನ ಗೊಂದಲದ ಬೇರು ಇಲ್ಲೇ ಇದೆ ಎಂದು ನನ್ನ ಊಹೆ. ತೆಳು ತಗಡಿನ ಒಂದು ಕಡೆಯಿಂದ ಅನಿಲ ಒಳಹೊಕ್ಕು ಇನ್ನೊಂದು ಕಡೆಯಿಂದ ಅದೇ ಪ್ರಮಾಣದಲ್ಲಿ ಹೊರಬೀಳುತ್ತಿದ್ದರೆ, ತಗಡಿನೊಳಗಿನ ಯಾವ ಜಾಗದ ಸಾಂದ್ರತೆಯೂ ಹೊತ್ತು ಕಳೆದಂತೆ ಬದಲಾಗುವುದಿಲ್ಲ. ಅಲ್ಲಿಗೆ ಮೊದಲ ನಿಯಮ. ಉಕ್ಕಿನ ಗೇರಿನೊಳಗೆ ಇಂಗಾಲ ಇಳಿಯುವಾಗ ಒಂದೊಂದು ಆಳದ ಸಾಂದ್ರತೆಯೂ ಗಂಟೆಗಂಟೆಗೆ ಏರುತ್ತದೆ. ಅಲ್ಲಿಗೆ ಎರಡನೆಯದು. ಪ್ರಶ್ನೆ ಓದಿದ ಕೂಡಲೇ ‘ಎಷ್ಟು ಹೊತ್ತು’ ಎಂಬ ಮಾತು ಇದೆಯೇ ನೋಡು. ಹೆಚ್ಚಿನ ಪ್ರಶ್ನೆಗಳಲ್ಲಿ ಆ ಮಾತಿದ್ದರೆ ಎರಡನೆಯ ನಿಯಮವೇ ಬೇಕಾಗುತ್ತದೆ.

ಮೂರರಿಂದ ಐದನೆಯ ದಿನದವರೆಗೆ ಒಂದೇ ಲೆಕ್ಕವನ್ನು ಮಾಡುತ್ತಿರು. ಹತ್ತು ಬಗೆಯ ಲೆಕ್ಕವನ್ನು ಒಂದೊಂದು ಸಲ ಮಾಡುವುದಕ್ಕಿಂತ, ಒಂದನ್ನೇ ಅಂಕಿ ಬದಲಿಸಿ ಹತ್ತು ಸಲ ಮಾಡಿದರೆ ಕೈ ಪಳಗುತ್ತದೆ. ಲೆಕ್ಕ ಇದು: 0.20% ಇಂಗಾಲವಿರುವ ಉಕ್ಕನ್ನು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾರ್ಬುರೈಸಿಂಗ್‌ಗೆ ಹಾಕಿದ್ದಾರೆ. ಮೇಲ್ಮೈಯ ಇಂಗಾಲ 1.00%ರಲ್ಲೇ ನಿಂತಿದೆ. 0.5 ಮಿಲಿಮೀಟರ್ ಆಳದಲ್ಲಿ 0.40% ಇಂಗಾಲ ಬರಲು ಎಷ್ಟು ಹೊತ್ತು ಬೇಕು? ಆಸ್ಟನೈಟ್‌ನಲ್ಲಿ ಇಂಗಾಲಕ್ಕೆ D0 ಬೆಲೆ 2.3 × 10⁻⁵ m²/s, Q ಬೆಲೆ 148 kJ/mol ಎಂದು ಕೊಟ್ಟಿದ್ದಾರೆ ಎಂದಿಟ್ಟುಕೋ.

ಬೇಕಾಗುವ ಸೂತ್ರಗಳು ಎರಡೇ. D ಅಂದರೆ ಡಿಫ್ಯೂಷನ್ ಗುಣಾಂಕ, T ಕೆಲ್ವಿನ್‌ನಲ್ಲಿ ತಾಪಮಾನ, Cs ಮೇಲ್ಮೈಯ ಇಂಗಾಲ, C0 ಉಕ್ಕಿನಲ್ಲಿ ಮೊದಲೇ ಇದ್ದ ಇಂಗಾಲ, Cx ಅಂದರೆ t ಹೊತ್ತು ಕಳೆದ ಮೇಲೆ x ಆಳದಲ್ಲಿರುವ ಇಂಗಾಲ:

D = D0 · exp(−Q / RT)

(Cs − Cx) / (Cs − C0) = erf( x / (2√(Dt)) )

ಮೊದಲು D. 900ಕ್ಕೆ 273 ಸೇರಿಸಿದರೆ 1173 ಕೆಲ್ವಿನ್. Q ಅನ್ನು ಜೂಲ್‌ಗೆ ತಂದು 148000 ಮಾಡು, ಏಕೆಂದರೆ R ಬೆಲೆ 8.314 ಇರುವುದು ಜೂಲ್‌ನಲ್ಲಿ. RT ಸುಮಾರು 9752, ಭಾಗಿಸಿದರೆ 15.18, D ಬೆಲೆ 5.9 × 10⁻¹² m²/s. ಕ್ಯಾಲ್ಕುಲೇಟರ್‌ನಲ್ಲಿ ಇಡೀ ಸೂತ್ರವನ್ನು ಒಂದೇ ಸಲ ಒತ್ತಬೇಡ. RT ಎಷ್ಟು, Q/RT ಎಷ್ಟು ಎಂದು ಹಾಳೆಯ ಮೇಲೆ ಬರೆದುಕೊಂಡೇ ಮುಂದೆ ಹೋಗು. ತಪ್ಪಿದರೂ ಎಲ್ಲಿ ತಪ್ಪಿತು ಎಂಬುದು ನಿನಗೂ ಕಾಣುತ್ತದೆ, ಪತ್ರಿಕೆ ತಿದ್ದುವವರಿಗೂ ಕಾಣುತ್ತದೆ.

ಆಮೇಲೆ ಎಡಭಾಗ. 1.00ರಿಂದ 0.40 ಕಳೆದರೆ 0.60, 1.00ರಿಂದ 0.20 ಕಳೆದರೆ 0.80, ಭಾಗಿಸಿದರೆ 0.75. ಎರರ್ ಫಂಕ್ಷನ್ ಕೋಷ್ಟಕದಲ್ಲಿ 0.75 ನೇರವಾಗಿ ಸಿಗುವುದಿಲ್ಲ. z ಬೆಲೆ 0.80 ಇರುವಲ್ಲಿ 0.7421 ಇದೆ, 0.85 ಇರುವಲ್ಲಿ 0.7707 ಇದೆ. ನಡುವೆ ಹಂಚಿಕೊಂಡರೆ z ಸುಮಾರು 0.814. ಇಲ್ಲಿಂದ √(Dt) ಅಂದರೆ 0.0005 ಮೀಟರನ್ನು 1.628ರಿಂದ ಭಾಗಿಸಿದ್ದು. ಅದರ ವರ್ಗ 9.43 × 10⁻⁸. ಅದನ್ನು D ಇಂದ ಭಾಗಿಸಿದರೆ ಸುಮಾರು 16000 ಸೆಕೆಂಡ್, ಅಂದರೆ ನಾಲ್ಕೂವರೆ ಗಂಟೆಗೆ ಸ್ವಲ್ಪ ಕಡಿಮೆ.

ಈಗ ಇದೇ ಲೆಕ್ಕದಲ್ಲಿ ಬೇಕೆಂದೇ ತಪ್ಪು ಮಾಡು. ಕೆಲ್ವಿನ್ ಬದಲು 900 ಎಂದೇ ಹಾಕಿದರೆ D ನೂರು ಪಟ್ಟು ಕುಗ್ಗಿ, ಉತ್ತರ ಹದಿನೆಂಟೂವರೆ ದಿನ ಬರುತ್ತದೆ. ನಾನು ಅಂದು ಮಾಡಿದ್ದು ಇದೇ ತಪ್ಪು. ಕಿಲೋಜೂಲನ್ನು ಜೂಲ್ ಮಾಡದೆ ಬಿಟ್ಟರೆ ಕೆಲಸ ಸೆಕೆಂಡಿನ ಸಾವಿರದ ಕೆಲವೇ ಪಾಲಿನಲ್ಲಿ ಮುಗಿದುಬಿಡುತ್ತದೆ. ಎಡಭಾಗದ ಮೇಲಿನ ಸಾಲಿನಲ್ಲಿ Cs − Cx ಬದಲು Cx − C0 ಬರೆದರೆ 0.25 ಬಂದು, ಉತ್ತರ ಐವತ್ತೆಂಟು ಗಂಟೆಗೆ ಹಿಗ್ಗುತ್ತದೆ. ಈ ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅಂಕಿ ನೋಡಲು ತೀರಾ ಅಸಂಭವ ಅನಿಸುವುದಿಲ್ಲ. ನಮ್ಮ ಕುಲುಮೆಯಲ್ಲಿ ಅರ್ಧ ಮಿಲಿಮೀಟರ್ ಪದರಕ್ಕೆ ಹಿಡಿಯುವುದು ಕೆಲವೇ ಗಂಟೆ. ನಿನ್ನ ಉತ್ತರ ದಿನಗಳಿಗೆ ಹೋದರೂ ಸೆಕೆಂಡಿಗಿಂತ ಕೆಳಗಿಳಿದರೂ ಮತ್ತೆ ಮೊದಲ ಸಾಲಿಗೆ ಬಾ.

ಅಂಕಿ ಬದಲಿಸಿ ಮಾಡುವಾಗ ಎರಡು ಸಂಗತಿ ನಿನಗೇ ಹೊಳೆಯುತ್ತವೆ. ಆಳವನ್ನು 1 ಮಿಲಿಮೀಟರ್ ಮಾಡಿದರೆ ಹೊತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ತಾಪಮಾನವನ್ನು 950ಕ್ಕೆ ಏರಿಸಿದರೆ ನಾಲ್ಕೂವರೆ ಗಂಟೆಯ ಕೆಲಸ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಹಾಗಾದರೆ ಇನ್ನೂ ಏರಿಸಬಾರದೇಕೆ ಎಂದು ಪ್ರಶ್ನೆ ಬಂದರೆ, ಆಸ್ಟನೈಟ್‌ನ ಗ್ರೇನ್‌ಗಳು ದಪ್ಪವಾಗಿ ಉಕ್ಕಿನ ಗಟ್ಟಿತನದ ಜೊತೆಗಿರಬೇಕಾದ ತಾಳಿಕೆ ಕುಂದುತ್ತದೆ ಎಂದು ಬರೆ. ಫೆರೈಟ್‌ನಲ್ಲಿ ಇಂಗಾಲ ಇನ್ನೂ ಸರಾಗವಾಗಿ ಓಡುತ್ತದಲ್ಲ, ಅಲ್ಲೇ ಏಕೆ ಮಾಡುವುದಿಲ್ಲ ಎಂದು ಕೇಳುವುದೂ ಉಂಟು. ಓಡಲು ದಾರಿಯಿದ್ದರೂ ನಿಲ್ಲಲು ಜಾಗವಿಲ್ಲ: 727 ಡಿಗ್ರಿಯಲ್ಲೂ ಫೆರೈಟ್ ಹಿಡಿದಿಟ್ಟುಕೊಳ್ಳುವ ಇಂಗಾಲ 0.022% ಮಾತ್ರ.

ಆ ಎರರ್ ಫಂಕ್ಷನ್ ಗೆರೆ ಬರೀ ಗಣಿತ ಅನಿಸಿದರೆ ಇದನ್ನು ಕೇಳು. ಹೋದ ವಾರ ಗೇರುಗಳ ಜೊತೆ ಕುಲುಮೆಗೆ ಹಾಕಿದ್ದ ಪರೀಕ್ಷಾ ತುಂಡೊಂದನ್ನು ನಿಧಾನವಾಗಿ ತಣಿಸಿ, ಅಡ್ಡಲಾಗಿ ಕತ್ತರಿಸಿ, ಪಾಲಿಶ್ ಮಾಡಿ ನೈಟಾಲ್‌ನಲ್ಲಿ ಅದ್ದಿದೆ. ಕೆಲವೇ ಸೆಕೆಂಡಿನಲ್ಲಿ ಹೊಳಪು ಮಂಕಾಯಿತು. ಸೂಕ್ಷ್ಮದರ್ಶಕದಡಿ ಅಂಚಿನಲ್ಲಿ ಒತ್ತಾದ ಕಪ್ಪು ಪರ್ಲೈಟ್ ಕಂಡಿತು. ಮೇಜನ್ನು ಒಳಗೊಳಗೆ ಸರಿಸಿದಂತೆ ಕಪ್ಪಿನ ನಡುವೆ ಫೆರೈಟ್‌ನ ಬಿಳಿ ಚುಕ್ಕೆಗಳು ಮೂಡಿ, ದೊಡ್ಡದಾಗಿ, ಕೊನೆಗೆ ಬಿಳಿಯೇ ಹೆಚ್ಚಾಯಿತು. ಎಲ್ಲಿಯೂ ಗೆರೆ ಕೊರೆದಂತೆ ಗಡಿ ಇರಲಿಲ್ಲ. ನಿನ್ನ ಪುಸ್ತಕದಲ್ಲಿ ಇಳಿಜಾರಾಗಿ ಬಾಗುವ ಗೆರೆ ಅದೇ. ನಿಮ್ಮ ಲ್ಯಾಬ್‌ನಲ್ಲಿ ಅಂಥ ತುಂಡು ಇದ್ದರೆ ಒಮ್ಮೆ ಕೇಳಿ ನೋಡು.

ಆರನೆಯ ದಿನ ಕಿರ್ಕೆಂಡಾಲ್ ಪ್ರಯೋಗವನ್ನು ಬರೆದು ಅಭ್ಯಾಸ ಮಾಡು. ಹಿತ್ತಾಳೆಯ ಸುತ್ತ ಮಾಲಿಬ್ಡಿನಮ್ ತಂತಿಗಳನ್ನಿಟ್ಟು, ಮೇಲೆ ತಾಮ್ರ ಲೇಪಿಸಿ ಕಾಯಿಸಿದಾಗ ತಂತಿಗಳು ಒಳಕ್ಕೆ ಸರಿದವು. ಸತುವು ಹೊರಹೋದ ವೇಗಕ್ಕೆ ತಾಮ್ರ ಒಳಬರಲಿಲ್ಲ ಎಂಬುದೇ ಅದರ ಅರ್ಥ. ಪರಮಾಣುಗಳು ಒಂದಕ್ಕೊಂದು ಜಾಗ ಬದಲಿಸಿಕೊಳ್ಳುವುದಾದರೆ ತಂತಿ ಸರಿಯಬೇಕಿರಲಿಲ್ಲ. ಹೀಗೆ ವೇಕೆನ್ಸಿಯ ಮಾತಿಗೆ ಸಾಕ್ಷಿ ಸಿಕ್ಕಿತು. 1947ರ ಪ್ರಯೋಗ ಇದು, ವರ್ಷವನ್ನೂ ಬರೆ. ಏಳನೆಯ ದಿನ ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳಿಂದ ಡಿಫ್ಯೂಷನ್ ಪ್ರಶ್ನೆಗಳನ್ನಷ್ಟೇ ಬಿಡಿಸು.

ಎಂಟರಿಂದ ಹನ್ನೊಂದರವರೆಗೆ ಉಳಿದ ಅಧ್ಯಾಯಗಳು. ಅವುಗಳಲ್ಲಿ ನೀನು ಗಟ್ಟಿಯಾಗಿದ್ದೀಯ ಎಂದು ಗೊತ್ತು. ಆದರೆ ಈ ಸಲ ಪ್ರತಿ ಪುಟದಲ್ಲೂ ‘ಇಲ್ಲಿ ಯಾರು ಚಲಿಸಬೇಕು, ಎಷ್ಟು ದೂರ’ ಎಂದು ಕೇಳಿಕೊಂಡು ಓದು. ಉಕ್ಕು 700 ಡಿಗ್ರಿಯ ಆಸುಪಾಸಿನಲ್ಲಿ ಪರ್ಲೈಟ್ ಆದರೆ ಇಂಗಾಲ ದೂರ ಸಾಗಬಲ್ಲದು, ಆದ್ದರಿಂದ ಪದರಗಳು ದಪ್ಪ. 550ರ ಬಳಿ ಆದರೆ ದೂರ ಹೋಗಲಾರದು, ಪದರಗಳು ತೆಳು. ತಟ್ಟನೆ ತಣಿಸಿದರೆ ಸಾಗಲು ಹೊತ್ತೇ ಇಲ್ಲ, ಇಂಗಾಲ ಇದ್ದಲ್ಲೇ ಸಿಕ್ಕಿಬಿದ್ದು ಮಾರ್ಟೆನ್ಸೈಟ್ ಆಗುತ್ತದೆ. ಟಿಟಿಟಿ ರೇಖೆಗೆ ಮೂಗು ಬರುವುದೂ ಹೀಗೆಯೇ: ಮೇಲೆ ಡಿಫ್ಯೂಷನ್ ಚುರುಕು, ಆದರೆ ಬದಲಾಗುವ ಒತ್ತಡ ಕಡಿಮೆ, ಕೆಳಗೆ ಒತ್ತಡ ಹೆಚ್ಚು, ಆದರೆ ಚಲನೆ ಮಂದ, ನಡುವೆ ಒಂದು ಕಡೆ ಎರಡೂ ಕೂಡಿ ಬದಲಾವಣೆ ಅತಿ ಬೇಗ ಶುರುವಾಗುತ್ತದೆ. ಇದನ್ನು ನಾಲ್ಕು ಸಾಲಿನಲ್ಲಿ ಬರೆಯಬಲ್ಲೆಯಾದರೆ ಟಿಟಿಟಿಯ ಪ್ರಶ್ನೆಗೆ ಬಾಯಿಪಾಠ ಬೇಕಿಲ್ಲ. ಕಬ್ಬಿಣ–ಇಂಗಾಲ ನಕ್ಷೆಯನ್ನು ಮಾತ್ರ ದಿನಕ್ಕೊಮ್ಮೆ ನೋಡದೆ ಬರೆಯಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಹನ್ನೆರಡು, ಹದಿಮೂರನೆಯ ದಿನ ಒಂದೊಂದು ಪೂರ್ತಿ ಪ್ರಶ್ನೆಪತ್ರಿಕೆ. ಹದಿನಾಲ್ಕನೆಯ ದಿನ ಆ ಎರಡು ಚಿತ್ರ, ಎರಡು ಸೂತ್ರ, ನೀನು ಮಾಡಿದ ತಪ್ಪುಗಳ ಪಟ್ಟಿ, ಇಷ್ಟೇ. ಕ್ಯಾಲ್ಕುಲೇಟರ್‌ನ ಬ್ಯಾಟರಿ ನೋಡಿಕೊಂಡು ಬೇಗ ಮಲಗು.

ಏಳನೆಯ ದಿನದ ಸಂಜೆಗೆ ನನ್ನದೊಂದು ಲೆಕ್ಕ ಇಟ್ಟುಕೋ. ಮೇಲಿನದೇ ಉಕ್ಕು, ಅದೇ ಆಳ, ಅದೇ ಇಂಗಾಲ, ತಾಪಮಾನ ಮಾತ್ರ 925. ಉತ್ತರ ಮೂರೂಕಾಲು ಗಂಟೆಯ ಹತ್ತಿರ ಬರಬೇಕು. ಬರದಿದ್ದರೆ ಉತ್ತರವನ್ನಷ್ಟೇ ಕಳಿಸಬೇಡ, ಇಡೀ ಪುಟದ ಫೋಟೊ ತೆಗೆದು ಕಳಿಸು. ಆ ವಾರ ನನಗೆ ರಾತ್ರಿ ಪಾಳಿ, ಕುಲುಮೆಗೆ ಮಾಲು ಹಾಕಿದ ಮೇಲೆ ಬಿಡುವಿರುತ್ತದೆ. ಸಾಲು ಸಾಲಾಗಿ ನೋಡಿ ಎಲ್ಲಿ ತಪ್ಪಿತು ಎಂದು ಬರೆಯುತ್ತೇನೆ.

ನಿನ್ನ ಗೆಳೆಯ