ಕಸೂತಿ ಕಿಟ್‌ನ ಹೊಸ ಹಾಳೆ, ಮತ್ತು ಆ 15 ರೂಪಾಯಿ

ಪ್ರೀತಿಯ ಗ್ರಾಹಕರೇ,

ಕಸೂತಿ ಕಿಟ್ ಯಾವಾಗ ಬರುತ್ತದೆ ಎಂದು ಕೇಳಿ ಕೇಳಿ ಬೇಜಾರಾದವರಲ್ಲಿ ಮೊದಲು ಕ್ಷಮೆ ಕೇಳುತ್ತೇವೆ. ಕಿಟ್ ಈಗ ಮತ್ತೆ ಸಿಗುತ್ತಿದೆ. ಮ್ಯಾಟಿ ಬಟ್ಟೆ, ದಾರ, ಸೂಜಿ ಎಲ್ಲ ಮೊದಲಿನವೇ. ಬದಲಾಗಿರುವುದು ಒಳಗಿನ ಹಾಳೆ. ಮೊದಲು ಅದರಲ್ಲಿ ಉದ್ದುದ್ದ ಪ್ಯಾರಾಗಳಿದ್ದವು. ಈಗ ಸಾಮಾನಿನ ಪಟ್ಟಿ, ನಂಬರ್ ಹಾಕಿದ ಹಂತಗಳು, ಪಕ್ಕದಲ್ಲಿ ಸಲಹೆಗಳಿವೆ. ಬೆಲೆ 15 ರೂಪಾಯಿ ಏರಿದೆ.

"ಅದೇ ಮಾತಿಗೆ ನಂಬರ್ ಹಾಕಿ ದುಡ್ಡು ಜಾಸ್ತಿ ಮಾಡಿದ್ರಾ?" ಅಂಗಡಿಗೆ ಬಂದವರೂ ಇದನ್ನೇ ಕೇಳುತ್ತಾರೆ, ಫೋನ್ ಮಾಡಿದವರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಹಳೆಯ ಹಾಳೆಯ ಒಂದು ಸಾಲು ನೋಡಿ: "ಎರಡೆಳೆ ದಾರದಲ್ಲಿ ಒಂದು ಬಿಟ್ಟು ಒಂದರಂತೆ ಎಂಟು ಹೊಲಿಗೆಯಷ್ಟು ಗವಂತಿ ಹೋಗಿ, ಬರುವಾಗ ಖಾಲಿ ಬಿಟ್ಟದ್ದನ್ನು ತುಂಬುತ್ತಾ ಬರಬೇಕು, ನಡುವಿನ ಕೊಂಬೆಯನ್ನು ಹೋಗುವಾಗಲೇ ಮುಗಿಸಿರಬೇಕು, ಗಂಟು ಹಾಕಬಾರದು."

ನಮ್ಮ ಹಿರಿಯ ಅಕ್ಕಂದಿರು ಹೇಳಿದ್ದನ್ನು ಹಾಗೇ ಬರೆದದ್ದು. ಒಂದು ಮಾತೂ ಸುಳ್ಳಲ್ಲ. ಆದರೆ ಅವರು ಹೇಳುವಾಗ ಅವರ ಕೈ ಹೊಲಿಯುತ್ತಿರುತ್ತದೆ, ನೋಡುವವರಿಗೆ ಕ್ರಮ ಕಣ್ಣಿಗೇ ಸಿಗುತ್ತದೆ. ಬರೀ ಓದುವವರು ಓದಿದ ಕ್ರಮದಲ್ಲೇ ಹೊಲಿಯುತ್ತಾರೆ. ಗಂಟು ಬೇಡ ಎಂಬ ಮಾತು ತಲುಪುವ ಹೊತ್ತಿಗೆ ಗಂಟು ಬಿದ್ದಾಗಿರುತ್ತದೆ. ಗೆರೆ ಮುಗಿಸಿ ಬಂದ ಮೇಲೆ ಕೊಂಬೆಯ ನೆನಪಾಗುತ್ತದೆ. ಆಗ ದಾರವನ್ನು ಹಿಂದಿನಿಂದ ಕೊಂಬೆಯವರೆಗೆ ಎಳೆಯಬೇಕು. ಮುಂದೆ ಏನೂ ಗೊತ್ತಾಗುವುದಿಲ್ಲ. ಮಗುಚಿದರೆ ದಾರ ಅಡ್ಡ ಬಿದ್ದಿರುತ್ತದೆ. ಗವಂತಿ ಎರಡೂ ಕಡೆ ಒಂದೇ ಥರ ಕಾಣಬೇಕು ಅಲ್ವಾ? ಎಷ್ಟೋ ಜನ ಆ ಹಿಂಬದಿಯ ಫೋಟೋ ಕಳಿಸಿ "ನಿಮ್ಮ ದಾರವೇ ಸರಿಯಿಲ್ಲ" ಎಂದರು. ನಮ್ಮ ದಾರಕ್ಕೆ ಆ ಮಾತು ಬರಬಾರದಿತ್ತು.

ಅದೇ ಸಾಲು ಹೊಸ ಹಾಳೆಯಲ್ಲಿ ಹೀಗಿದೆ:

1. ಎರಡೆಳೆ ದಾರ ಪೋಣಿಸಿ. ಗಂಟು ಬೇಡ. ಹಿಂದೆ ನಾಲ್ಕು ಬೆರಳು ದಾರ ಬಿಟ್ಟು ಸೂಜಿ ಮೇಲೆ ತೆಗೆಯಿರಿ.
2. ಎರಡು ಚೌಕ ದಾಟಿ ಸೂಜಿ ಕೆಳಗಿಳಿಸಿ, ಇನ್ನೆರಡು ದಾಟಿ ಮೇಲೆ ತೆಗೆಯಿರಿ. ಇನ್ನೊಮ್ಮೆ ಹೀಗೇ ಮಾಡಿ. ಈಗ ಮುಂದೆ ಎರಡು ಹೊಲಿಗೆ ಕಾಣುತ್ತವೆ.
3. ಕೊಂಬೆ ಇಲ್ಲೇ. ಗೆರೆ ಬಿಟ್ಟು ಮೇಲ್ಗಡೆ ತಿರುಗಿ. ಒಂದು ಹೊಲಿಗೆ ಮುಂದೆ, ಒಂದು ಹಿಂದೆ. ಖಾಲಿ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹೊರಟ ತೂತಿನಲ್ಲೇ ಸೂಜಿ ಮೇಲೆ ಬಂದರೆ ಸರಿ.
4. ಗೆರೆ ಮುಂದುವರಿಸಿ. ಮುಂದೆ ಇನ್ನೆರಡು ಹೊಲಿಗೆ ಆಗಿ ಸೂಜಿ ಮೇಲೆ ಬರಲಿ.
5. ತಿರುಗಿ, ಖಾಲಿ ತುಂಬುತ್ತಾ ಶುರು ಮಾಡಿದ ತೂತಿಗೆ ಬನ್ನಿ. ಬಟ್ಟೆ ಮಗುಚಿ ನೋಡಿ. ಮುಂದಿನ ಗೆರೆ ಇಲ್ಲಿಂದಲೇ.

ಸುಮ್ನೆ ಸಾಲು ಕತ್ತರಿಸಿದ್ದಲ್ಲ. ಸೂಜಿ ಹಿಡಿದೇ ಗೊತ್ತಿಲ್ಲದ ಹುಡುಗಿಯರನ್ನು ಕರೆಸಿ, ಹಾಳೆ ಕೈಗೆ ಕೊಟ್ಟು, ಪಕ್ಕದಲ್ಲಿ ಮಾತಾಡದೆ ಕೂತೆವು. ಅವರ ಕೈ ತಡೆದಲ್ಲೆಲ್ಲ ಹಂತ ಒಡೆದೆವು. ಹೊರಟ ತೂತಿನ ಮಾತು ಸೇರಿದ್ದು ಹಾಗೆ. ಕೂತವರಿಗೆಲ್ಲ ಹೊಲಿಗೆಯ ಕೂಲಿಯನ್ನೇ ಕೊಟ್ಟೆವು, ಕೊಡಲೇಬೇಕು. ಒಂದು ಹಾಳೆ ಎರಡಾಯಿತು, ಕೊಂಬೆಯ ಬಾಣ ಕಾಣಲಿ ಎಂದು ಎರಡು ಬಣ್ಣದಲ್ಲಿ ಪ್ರಿಂಟ್ ಮಾಡಿಸಿದೆವು. 15 ರೂಪಾಯಿ ಹೋಗಿದ್ದು ಇಷ್ಟಕ್ಕೆ. ಲಾಭಕ್ಕೆ ಏರಿಸಿದ್ದೇವೆ ಅಂದರೆ ನಿಜವಾಗಿಯೂ ನೋವಾಗುತ್ತದೆ.

ಯಾವುದು ಹಂತ, ಯಾವುದು ಸಲಹೆ ಎಂದು ನಮ್ಮಲ್ಲೇ ಜೋರು ವಾದವಾಯಿತು. ಕೊನೆಗೆ ಹೀಗೆ ಮಾಡಿದೆವು: ಬಿಟ್ಟರೆ ಕೆಲಸ ಕೆಡುವಂತಿದ್ದರೆ ಅದು ಹಂತ. ಬಿಟ್ಟರೂ ನಡೆಯುತ್ತದೆ, ಮಾಡಿದರೆ ಅಂದ ಜಾಸ್ತಿ ಎಂದರೆ ಸಲಹೆ. ಗಂಟು ಬೇಡ ಎನ್ನುವುದು ಹಾಗಾಗಿ ಮೊದಲ ಹಂತಕ್ಕೆ ಹೋಯಿತು. ವಾಪಸ್ ಬರುವಾಗ ಪ್ರತಿ ತೂತಿನಲ್ಲೂ ಹಳೆ ದಾರದ ಒಂದೇ ಬದಿಯಿಂದ ಸೂಜಿ ಮೇಲೆ ತೆಗೆದು ಇನ್ನೊಂದು ಬದಿಯಿಂದ ಇಳಿಸಿದರೆ ಗೆರೆ ನೇರ ಕೂರುತ್ತದೆ. ಅದು ಸಲಹೆಯ ಜಾಗದಲ್ಲಿದೆ.

ಪಟ್ಟಿಯಲ್ಲಿ ಪ್ರತಿ ಸಾಮಾನಿನ ಎದುರು ಎಷ್ಟು ಬೇಕು, ಕಿಟ್‌ನಲ್ಲಿದೆಯೋ ಮನೆಯದೋ ಎಂದು ಬರೆದಿದೆ. ಕತ್ತರಿ, ಫ್ರೇಮ್ ಮನೆಯವೇ, ಮೊದಲೂ ಹಾಗೇ ಇತ್ತು. ಗೋಪುರ, ತೇರಿನಂಥ ದೊಡ್ಡ ಚಿತ್ರಗಳಿಗೆ ಮಾತ್ರ ಒಂದೊಂದು ಹೊಲಿಗೆಗೂ ಹಂತ ಬರೆಯಲಿಲ್ಲ. ಬರೆದರೆ ಹಾಳೆಯಲ್ಲೇ ಕಳೆದುಹೋಗುತ್ತೀರಿ. ಅಲ್ಲಿ ಚೌಕದ ನಕ್ಷೆ ಇದೆ, ಯಾವ ಗೆರೆ ಮೊದಲು, ಯಾವ ಕೊಂಬೆ ಎಲ್ಲಿ ಎಂಬುದಕ್ಕಷ್ಟೇ ನಂಬರ್ ಹಾಕಿದ್ದೇವೆ.

ಹಳೆ ಕಿಟ್ ತಗೊಂಡವರಿಗೆ ಹೊಸ ಹಾಳೆ ಉಚಿತ. ಬಿಲ್ ಬೇಡ, ಹಳೆಯ ಹಾಳೆ ತೋರಿಸಿದರೆ ಸಾಕು. ಹಿಂದೆ ದಾರ ಅಡ್ಡ ಬಿದ್ದ ಬಟ್ಟೆ ಇದ್ದರೆ ಅದನ್ನೂ ತನ್ನಿ. ಮಧ್ಯಾಹ್ನ ನಾವು ಯಾರಾದರೂ ಅಂಗಡಿಯಲ್ಲಿ ಇದ್ದೇ ಇರುತ್ತೇವೆ, ಕೂತು ಬಿಚ್ಚಿ ಸರಿ ಮಾಡಿಕೊಡುತ್ತೇವೆ.

ಸಂಘದ ಎಲ್ಲರ ಪರವಾಗಿ,
ಕಾರ್ಯದರ್ಶಿ
ಧಾರವಾಡ